ಹಸಿರು ನೆಟ್ ಕೆಳಗೆ ರಾಮ ತುಳಸಿ ಕೃಷ್ಣ ತುಳಸಿ ಆಗಿಬಿಡುತ್ತದೆ

ನರ್ಸರಿ ಗಿಡದ ಫೋಟೊಗೆ ಸ್ಟುಡಿಯೊ ಲೈಟ್ ಇಲ್ಲದೆ ಆಗದು ಎಂದವರೇ ಹೆಚ್ಚು. ನನ್ನ ಮಾರಾಟದ ಪಟ್ಟಿಯ ಅರುವತ್ತು ಚಿಲ್ಲರೆ ಗಿಡಗಳ ಫೋಟೊ ಕೆಲಸ ಮುಗಿದದ್ದು ಒಂದು ಬಿಳಿ ಪಂಚೆಯಲ್ಲಿ.

ಮೊದಲು ಎಲ್ಲವನ್ನೂ ಶೇಡ್ ನೆಟ್ ಕೆಳಗೇ ತೆಗೆದಿದ್ದೆ. ನೆಟ್‌ನಿಂದ ಇಳಿಯುವ ಬೆಳಕು ಹಸಿರು, ಚೌಕಟ್ಟಿನ ತುಂಬ ಎಲೆಯೂ ಹಸಿರು. ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಸರಿಮಾಡಲು ನೇರಳೆ ಛಾಯೆ ಬೆರೆಸುತ್ತದೆ. ರಾಮ ತುಳಸಿಯ ಕಾಂಡ ನಸುನೇರಳೆಯಾಗಿ, ಕೊಂಡವರು ಕೃಷ್ಣ ತುಳಸಿ ಎಂದುಕೊಂಡರು. ಹತ್ತು ಹದಿನೈದು ಗಿಡ ವಾಪಸ್ ಬಂದವು, ಎರಡೂ ಕಡೆಯ ಕೊರಿಯರ್ ಖರ್ಚು ನನ್ನ ತಲೆಗೆ. ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿದರೆ ಎಲೆ ಸರಿಹೋಗುತ್ತದೆ, ಕೆಮ್ಮಣ್ಣು ಮಾತ್ರ ಸಗಣಿಯ ಬಣ್ಣಕ್ಕೆ ತಿರುಗುತ್ತದೆ.

ಈಗ ಕುಂಡವನ್ನು ನೆಟ್‌ನಿಂದ ಆಚೆ ತಂದು, ಬೆಳಿಗ್ಗೆ ಒಂಬತ್ತರೊಳಗೆ, ಬಿಸಿಲಿಗೂ ಗಿಡಕ್ಕೂ ನಡುವೆ ಪಂಚೆಯನ್ನು ಎರಡು ಮಡಿಕೆ ಮಾಡಿ ಕಟ್ಟುತ್ತೇನೆ. ಮೊದಲ ಫ್ರೇಮಿನಲ್ಲಿ ಗ್ರೇ ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಕಟ್ಟಿಬಿಟ್ಟರೆ, ಮೋಡ ಬರುವ ತನಕ ಮುಟ್ಟುವಂತಿಲ್ಲ.

ಮಣ್ಣಿನಲ್ಲೂ ದುಡ್ಡು ದಂಡವಾಗಿದೆ. ನೀರು ಹಾಕಿದ ತಕ್ಷಣ ಕ್ಲಿಕ್ ಮಾಡಿದರೆ ಕೋಕೋಪೀಟ್ ತೇಲುತ್ತದೆ, ಮೇಲೆ ಆಕಾಶ ಮಿನುಗುತ್ತದೆ. ಹಿಂದಿನ ಸಂಜೆ ಹಾಕಿದ್ದಾದರೆ ಬೆಳಿಗ್ಗೆಗೆ ಮೇಲ್ಪದರ ಒಣಗಿ ಮಾಸಲು. ಎಂಟಿಂಚಿನ ಕುಂಡಕ್ಕೆ ಅಂದಾಜು ಅರ್ಧ ಲೀಟರ್ ನಿಧಾನವಾಗಿ ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿ. ಓರೆಯಾಗಿ ನೋಡಿದಾಗ ಹೊಳಪಿಲ್ಲದೆ ಬರೀ ಗಾಢ ಬಣ್ಣ ಕಂಡರೆ ಸರಿ.

ಎಲೆಯ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ ಇದ್ದರೆ, ಲೀಟರ್ ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಮೆತ್ತನೆ ಬಟ್ಟೆಯಿಂದ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸುತ್ತೇನೆ. ಎಣ್ಣೆ ಸವರಿದರೆ ಮನಿ ಪ್ಲಾಂಟ್ ಪ್ಲಾಸ್ಟಿಕ್ಕಿನದಾಗುತ್ತದೆ, ದೊಡ್ಡಪತ್ರೆಯ ರೋಮ ಅಂಟಿಕೊಂಡು ಅದರ ಗುರುತೇ ಹೋಗುತ್ತದೆ. ಗ್ಲಿಸರಿನ್ ಹನಿಯ ಇಬ್ಬನಿಯನ್ನೂ ನೋಡಿದೆ. ಚೆನ್ನಾಗಿ ಕಂಡಿತು, ಮಧ್ಯಾಹ್ನದೊಳಗೆ ಧೂಳು ಹಿಡಿಯಿತು. ಪೋಲರೈಸರ್ ಫಿಲ್ಟರ್ ಕೊಂಡಿದ್ದು ಸಾರ್ಥಕ, ಆದರೆ ಪೂರ್ತಿ ತಿರುಗಿಸಬೇಡಿ. ಮನಿ ಪ್ಲಾಂಟಿನ ಸಹಜ ಹೊಳಪೂ ಸತ್ತುಹೋಗುತ್ತದೆ, ಅರ್ಧಕ್ಕೆ ನಿಲ್ಲಿಸಬೇಕು. ದೊಡ್ಡಪತ್ರೆಗೆ ಫಿಲ್ಟರ್ ತೆಗೆದು ಪಕ್ಕದಿಂದ ಬೆಳಕು ಬಿಟ್ಟರೆ ರೋಮ ಎದ್ದು ಕಾಣುತ್ತದೆ.

ಪ್ರತಿ ಗಿಡಕ್ಕೂ ಚಿಗುರಿನ ಹತ್ತಿರದ ಒಂದು ಫ್ರೇಮ್ ಇರಲಿ. ಹೃದಯದಾಕಾರದ ಎಲೆಯ ಫಿಲೋಡೆಂಡ್ರಾನ್ ದೂರದಿಂದ ಹಸಿರು ಮನಿ ಪ್ಲಾಂಟಿನಂತೆಯೇ ಕಾಣುತ್ತದೆ. ಫಿಲೋಡೆಂಡ್ರಾನಿನ ಚಿಗುರಿಗೆ ಬೇರೆಯೇ ತೆಳು ಪೊರೆಯ ಹೊದಿಕೆ ಇರುತ್ತದೆ, ಮನಿ ಪ್ಲಾಂಟಿನ ಚಿಗುರು ಹಿಂದಿನ ಎಲೆಯ ತೊಟ್ಟಿನ ಸೀಳಿನಿಂದಲೇ ಸುರುಳಿ ಬಿಚ್ಚಿಕೊಂಡು ಬರುತ್ತದೆ. ಆ ಫ್ರೇಮ್ ಪಟ್ಟಿಗೆ ಸೇರಿದ ಮೇಲೆ ಇವೆರಡರ ಬಗ್ಗೆ ತಕರಾರು ಬಂದಿಲ್ಲ.