ದೀರ್ಘ ಅನಾರೋಗ್ಯದ ನಂತರ ಪಿಎಚ್‌.ಡಿ. ಅವಧಿ ವಿಸ್ತರಣೆ ಕೋರುವುದು ಹೇಗೆ?

ಅನಾರೋಗ್ಯದಿಂದ ಸಂಶೋಧನೆ ನಿಂತುಹೋದವರು ಸಲ್ಲಿಸುವ ವಿಸ್ತರಣೆಯ ಅರ್ಜಿಯಲ್ಲಿ ಸಾಮಾನ್ಯವಾಗಿ ಕಾಯಿಲೆಯ ವಿವರ ಪುಟಗಟ್ಟಲೆ ಇರುತ್ತದೆ, ಉಳಿದ ಕೆಲಸದ ವಿವರ ಎರಡು ಸಾಲಿನಲ್ಲಿ ಮುಗಿದಿರುತ್ತದೆ. ಸಮಿತಿಗೆ ಬೇಕಾದುದು ಇದರ ತಿರುವುಮುರುವು. ಕಾಯಿಲೆ ನಿಜವೆಂಬುದನ್ನು ಪ್ರಮಾಣಪತ್ರವೇ ಹೇಳುತ್ತದೆ. ಕೇಳಿದಷ್ಟು ಸಮಯ ಕೊಟ್ಟರೆ ಮಹಾಪ್ರಬಂಧ ಸಲ್ಲಿಕೆಯಾಗುತ್ತದೆಯೇ ಎಂಬುದಕ್ಕೆ ಅರ್ಜಿಯೇ ಉತ್ತರ ಕೊಡಬೇಕು.

ಮೊದಲು ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ನಿಯಮಾವಳಿಯನ್ನು ತೆರೆದು, ನೋಂದಣಿ ಯಾವ ದಿನ ಮುಗಿಯುತ್ತದೆ, ಅದಕ್ಕೆ ಎಷ್ಟು ದಿನ ಮುಂಚೆ ಅರ್ಜಿ ಕೊಡಬೇಕು, ಒಟ್ಟು ಎಷ್ಟು ವಿಸ್ತರಣೆಗೆ ಅವಕಾಶವಿದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಕಾಯಿಲೆಯ ಅವಧಿಯನ್ನೇ ಲೆಕ್ಕದಿಂದ ಬಿಡುವ ವೈದ್ಯಕೀಯ ರಜೆಯ ನಿಯಮ ಪ್ರತ್ಯೇಕವಾಗಿದ್ದರೆ ಅದನ್ನೇ ಮೊದಲು ಕೇಳುವುದು ಲೇಸು, ಏಕೆಂದರೆ ಆಗ ವಿಸ್ತರಣೆಯ ಅವಕಾಶ ಖರ್ಚಾಗದೆ ಉಳಿಯುತ್ತದೆ. ನೋಂದಣಿ ಮುಗಿದ ಮೇಲೆ ಕೊಟ್ಟ ಅರ್ಜಿಯನ್ನು ಅನೇಕ ಕಡೆ ಮರುನೋಂದಣಿ ಎಂದು ಪರಿಗಣಿಸುತ್ತಾರೆ. ಅದರ ಶುಲ್ಕವೂ ದಾರಿಯೂ ಬೇರೆ.

ನಂತರ ಮಾರ್ಗದರ್ಶಕರನ್ನು ಕಾಣಬೇಕು. ಅರ್ಜಿ ಅವರ ಶಿಫಾರಸಿನೊಂದಿಗೇ ಮುಂದೆ ಹೋಗುವುದರಿಂದ, ಬರೆದು ಮುಗಿಸಿ ಸಹಿಗೆ ಒಯ್ಯುವ ಬದಲು ಕರಡು ಹಂತದಲ್ಲಿಯೇ ಒಂದು ಪುಟದ ಟಿಪ್ಪಣಿಯನ್ನು ಅವರ ಮುಂದಿಡಿ. ಮುಗಿದ ಅಧ್ಯಾಯಗಳು, ನಿಂತ ಕೆಲಸ, ಬೇಕಾದ ತಿಂಗಳು: ಇಷ್ಟಿದ್ದರೆ ಸಾಕು. ನೀವು ಒಂಬತ್ತು ತಿಂಗಳು ಕೇಳಿ, ಅವರ ಶಿಫಾರಸಿನಲ್ಲಿ ಆರು ತಿಂಗಳು ಎಂದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಎಷ್ಟು ಸಮಯ ಕೇಳಬೇಕು ಎಂಬ ಲೆಕ್ಕವೇ ಈ ಕೆಲಸದ ತಿರುಳು. ಒಂದು ಕಲ್ಪಿತ ಉದಾಹರಣೆ ನೋಡೋಣ. ಸಸ್ಯವಿಜ್ಞಾನದ ಸಂಶೋಧಕಿಯೊಬ್ಬರು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಏಳು ತಿಂಗಳು ಅಸ್ವಸ್ಥರಾಗಿದ್ದರು. ಅವರ ನೋಂದಣಿ ಆ ಏಪ್ರಿಲ್ ಇರುವ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಏಳು ತಿಂಗಳು ಕಳೆದುಹೋದುದರಿಂದ ಏಳು ತಿಂಗಳು ಕೇಳಿದರೆ ಸಾಕೆಂದು ತೋರಬಹುದು. ಆದರೆ ಅವರು ಅಧ್ಯಯನ ಮಾಡುತ್ತಿರುವ ಗಿಡ ಹೂ ಬಿಡುವುದು ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ, ಆ ಕಾಲ ಕಾಯಿಲೆಯಲ್ಲಿಯೇ ಕಳೆಯಿತು. ಆದ್ದರಿಂದ ಮುಂದಿನ ಜನವರಿ–ಮಾರ್ಚ್ ದತ್ತಾಂಶ ಸಂಗ್ರಹಕ್ಕೆ, ಏಪ್ರಿಲ್–ಮೇ ವಿಶ್ಲೇಷಣೆಗೆ, ಜೂನ್–ಜುಲೈ ಕೊನೆಯ ಅಧ್ಯಾಯದ ಬರವಣಿಗೆಗೆ, ಆಗಸ್ಟ್–ಸೆಪ್ಟೆಂಬರ್ ಮಾರ್ಗದರ್ಶಕರ ತಿದ್ದುಪಡಿ, ಕೃತಿಚೌರ್ಯ ತಪಾಸಣೆ ಮತ್ತು ಸಲ್ಲಿಕೆ ಪೂರ್ವ ವಿಚಾರ ಸಂಕಿರಣಕ್ಕೆ ಬೇಕಾಗುತ್ತದೆ. ಅಂದರೆ ಕೇಳಬೇಕಾದುದು ಸೆಪ್ಟೆಂಬರ್ 30ರವರೆಗೆ, ಒಂಬತ್ತು ತಿಂಗಳು. ಹೆಚ್ಚುವರಿ ಎರಡು ತಿಂಗಳಿಗೆ ಕಾರಣ ಹೂ ಬಿಡುವ ಕಾಲವೆಂದು ಅರ್ಜಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದು. ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ವೈದ್ಯರ ಸಲಹೆಯಂತೆ ಮೊದಲೆರಡು ತಿಂಗಳು ಅರ್ಧ ದಿನದ ಕೆಲಸ, ನಂತರ ಉಳಿದ ಅಧ್ಯಾಯಗಳ ಪರಿಷ್ಕರಣೆ ಎಂದು ಕೇಳುವ ಮೊದಲೇ ಬರೆದಿಡುವುದು ಒಳ್ಳೆಯದು. ಸಂಕೋಚಪಟ್ಟು ಕಡಿಮೆ ಕೇಳುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅಪಾಯ, ಏಕೆಂದರೆ ಎರಡನೆಯ ವಿಸ್ತರಣೆಗೆ ಅದೇ ಕಾಯಿಲೆಯನ್ನು ಮತ್ತೆ ಕಾರಣವಾಗಿ ತೋರಿಸುವುದು ಕಷ್ಟ.

ದಾಖಲೆಗಳಲ್ಲಿ ತೊಡಕಾಗುವುದು ದಿನಾಂಕಗಳಿಂದ. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಹನ್ನೆರಡು ದಿನದ ದಾಖಲಾತಿ ಮಾತ್ರ ಇದ್ದು, ಅರ್ಜಿಯಲ್ಲಿ ಏಳು ತಿಂಗಳು ಎಂದಿದ್ದರೆ ನಡುವಿನ ಅವಧಿಗೆ ಆಧಾರವೇ ಇರುವುದಿಲ್ಲ. ಚಿಕಿತ್ಸೆ ನೀಡಿದ ವೈದ್ಯರಿಂದ, ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸಕ್ಕೆ ಅಸಮರ್ಥರಾಗಿದ್ದರು ಎಂಬ ಪ್ರಮಾಣಪತ್ರವನ್ನೂ, ಈಗ ಕೆಲಸಕ್ಕೆ ಸಮರ್ಥರು ಎಂಬ ಇನ್ನೊಂದನ್ನೂ ಪಡೆಯಿರಿ. ನಿಯಮ ಕೇಳದಿದ್ದರೆ ಕಾಯಿಲೆಯ ಸೂಕ್ಷ್ಮ ವಿವರಗಳನ್ನು ಅರ್ಜಿಯಲ್ಲಿ ಬರೆಯಬೇಕಿಲ್ಲ. ಆ ಕಡತ ಹಲವು ಮೇಜುಗಳನ್ನು ದಾಟಿ ಹೋಗುತ್ತದೆ.

ಅರ್ಜಿಯನ್ನು ಕುಲಸಚಿವರಿಗೆ ಅಥವಾ ನಿಯಮದಲ್ಲಿ ಹೇಳಿದ ಅಧಿಕಾರಿಗೆ, ಮಾರ್ಗದರ್ಶಕರ ಮತ್ತು ವಿಭಾಗದ ಮುಖ್ಯಸ್ಥರ ಮೂಲಕ ಬರೆಯಿರಿ. ಕೋರಿಕೆ ಮೊದಲ ವಾಕ್ಯದಲ್ಲಿಯೇ ಇರಲಿ: “ಅನಾರೋಗ್ಯದ ಕಾರಣ ಏಳು ತಿಂಗಳು ಸಂಶೋಧನೆ ಸ್ಥಗಿತಗೊಂಡಿದ್ದರಿಂದ, ಡಿಸೆಂಬರ್ 31ಕ್ಕೆ ಮುಗಿಯುವ ನನ್ನ ನೋಂದಣಿಯನ್ನು ಮುಂದಿನ ಸೆಪ್ಟೆಂಬರ್ 30ರವರೆಗೆ ವಿಸ್ತರಿಸಬೇಕೆಂದು ಕೋರುತ್ತೇನೆ.” ತಿಂಗಳವಾರು ಯೋಜನೆ ಮತ್ತು ಪ್ರಮಾಣಪತ್ರಗಳು ಲಗತ್ತಾಗಿರಲಿ. ಕಚೇರಿಯಿಂದ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿ ನಿಮ್ಮ ಬಳಿ ಇರಬೇಕು.

ನೋಂದಣಿ ವಿಸ್ತರಣೆಯಾದ ಮಾತ್ರಕ್ಕೆ ಫೆಲೋಶಿಪ್ ತಾನಾಗಿ ಮುಂದುವರಿಯುವುದಿಲ್ಲ. ಹಣ ಕೊಡುವ ಸಂಸ್ಥೆಗೆ ಬೇರೆಯೇ ಅರ್ಜಿ ಬೇಕಾಗಬಹುದು, ಹಾಸ್ಟೆಲ್ ಮತ್ತು ಗ್ರಂಥಾಲಯದ ಸೌಲಭ್ಯಗಳನ್ನೂ ವಿಚಾರಿಸಿಕೊಳ್ಳಬೇಕು. ಆದೇಶ ಕೈಸೇರಿದ ಕೂಡಲೇ ಅದರಲ್ಲಿರುವ ಕೊನೆಯ ದಿನಾಂಕವನ್ನು, ಶುಲ್ಕ ಕಟ್ಟಬೇಕಾದ ಗಡುವನ್ನು ಓದಿ ನೋಡಿ. ಕೇಳಿದ್ದಕ್ಕಿಂತ ಕಡಿಮೆ ಅವಧಿ ಮಂಜೂರಾಗಿದ್ದರೆ ಮಾರ್ಗದರ್ಶಕರೊಂದಿಗೆ ಕುಳಿತು ಯೋಜನೆಯನ್ನು ಆ ವಾರವೇ ಮರುಹೊಂದಿಸಿ, ದತ್ತಾಂಶದ ಯಾವ ಭಾಗವನ್ನು ಮಹಾಪ್ರಬಂಧದಿಂದ ಕೈಬಿಡಬಹುದು ಎಂದು ತೀರ್ಮಾನಿಸಿ.