‘ಗೆಳೆಯರನ್ನು ಕರೆತನ್ನಿ’ ಆಫರ್: ಬೋರ್ಡ್ ಬರೆಯುವುದು ಹೇಗೆ?

‘ಸ್ನೇಹಿತರನ್ನು ಕರೆತನ್ನಿ, ಕೋಲ್ಡ್ ಕಾಫಿ ಉಚಿತ.’ ಬಳ್ಳಾರಿಯ ಒಂದು ಕೆಫೆ ಫ್ರೆಂಡ್‌ಶಿಪ್ ಡೇಗೆ ಹೀಗೆ ಬೋರ್ಡ್ ಹಾಕಿತು ಅಂದುಕೊಳ್ಳಿ. ಕಾಲೇಜಿನ ಏಳು ಹುಡುಗರು ಬರುತ್ತಾರೆ. ಉಚಿತ ಯಾರಿಗೆ? ಕರೆತಂದವನಿಗೋ, ಬಂದವರಿಗೋ? ಒಂದು ಲೋಟವೋ, ಆರೋ? ಜಗಳ ಶುರುವಾಗುವುದು ಕೌಂಟರಿನಲ್ಲಿ, ಬಿಲ್ ಕೈಗೆ ಬಂದಾಗ.

ಮೊದಲು ಲೆಕ್ಕ ಮಾಡಿ, ಆಮೇಲೆ ಬರೆಯಿರಿ. ಕೋಲ್ಡ್ ಕಾಫಿ 120 ರೂಪಾಯಿ, ಹಾಲು, ಐಸ್‌ಕ್ರೀಮ್, ಸಕ್ಕರೆ ಸೇರಿ ಖರ್ಚು 45 ಎಂದಿಟ್ಟುಕೊಳ್ಳೋಣ. ಒಂದಕ್ಕೊಂದು ಉಚಿತ ಕೊಟ್ಟರೆ ನಾಲ್ಕು ಲೋಟಕ್ಕೆ 240 ಬರುತ್ತದೆ, 180 ಖರ್ಚಾಗುತ್ತದೆ. ಉಳಿದ 60ರಲ್ಲಿ ಬಾಡಿಗೆ, ಕರೆಂಟು, ಸಂಬಳ ಎಲ್ಲ ಆಗಬೇಕು. ಮೂರಕ್ಕೆ ಹಣ ಪಡೆದು ನಾಲ್ಕನೆಯದನ್ನು ಉಚಿತ ಕೊಟ್ಟರೆ 360 ಬರುತ್ತದೆ, 180 ಉಳಿಯುತ್ತದೆ.

ಗುಂಪಿಗೆ ಈ ಎರಡನೆಯದೇ ಸರಿ. ಮೂವರು ಬಂದರೂ 360, ನಾಲ್ವರು ಬಂದರೂ 360. ಏಳು ಜನಕ್ಕೆ ಒಂದು ಉಚಿತ, ಬಿಲ್ 720. ಎಂಟನೆಯವರು ಬಂದರೂ ಅಷ್ಟೇ 720. ಆಗ ಆ ಏಳು ಜನರೇ ಇನ್ನೊಬ್ಬರಿಗೆ ಫೋನ್ ಮಾಡಿ ಕರೆಸಿಕೊಳ್ಳುತ್ತಾರೆ, ಅಲ್ವಾ?

ಇನ್ನು ದಿನಾಂಕ. ನಮ್ಮಲ್ಲಿ ಆಗಸ್ಟ್ ಮೊದಲ ಭಾನುವಾರ ಫ್ರೆಂಡ್‌ಶಿಪ್ ಡೇ. ಆದರೆ ವಿಶ್ವಸಂಸ್ಥೆ 2011ರಲ್ಲಿ ಘೋಷಿಸಿದ ಸ್ನೇಹ ದಿನ ಜುಲೈ 30. ಅದಕ್ಕೇ ತಾರೀಖು, ವಾರ ಎರಡನ್ನೂ ಹಾಕಿ. 2026ಕ್ಕೆ ಬೋರ್ಡ್ ಹೀಗಿರಲಿ:

‘ಆಗಸ್ಟ್ 2, ಭಾನುವಾರ, ಮಧ್ಯಾಹ್ನ 3ರಿಂದ ರಾತ್ರಿ 8ರವರೆಗೆ. 3 ಕೋಲ್ಡ್ ಕಾಫಿಗೆ ಹಣ ಕೊಡಿ, 4ನೆಯದು ಉಚಿತ. 8 ತೆಗೆದುಕೊಂಡರೆ 2 ಉಚಿತ. ಒಂದೇ ಬಿಲ್. ಪಾರ್ಸೆಲ್‌ಗೆ ಇಲ್ಲ.’

‘ಒಂದೇ ಬಿಲ್’ ಎಂಬ ಮಾತನ್ನು ಸಣ್ಣಕ್ಷರದಲ್ಲಿ ಅಡಗಿಸಬೇಡಿ. ಹುಡುಗರು ಬೇರೆ ಬೇರೆ ಫೋನ್‌ಪೇ ಮಾಡುತ್ತಾರೆ. ಹಣ ಹೇಗಾದರೂ ಕೊಡಲಿ, ಬಿಲ್ ಒಂದೇ ಎಂದು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿ. ಒಗ್ಗರಣೆ, ಮಿರ್ಚಿ ಎಲ್ಲವನ್ನೂ ಆಫರ್‌ಗೆ ಸೇರಿಸಬೇಡಿ. ಬೆಲೆ ಬೇರೆ ಬೇರೆ ಇದ್ದರೆ ‘ಕಡಿಮೆ ಬೆಲೆಯದು ಉಚಿತ’ ಎಂಬ ಇನ್ನೊಂದು ಸಾಲು ಬೇಕಾಗುತ್ತದೆ. ಒಂದೇ ಐಟಂ ಇದ್ದರೆ ಆ ತಲೆನೋವಿಲ್ಲ.

ಬಿಲ್‌ನಲ್ಲಿ ನಾಲ್ಕು ಲೋಟ 480, ರಿಯಾಯಿತಿ 120 ಎಂದು ಕಾಣಬೇಕು. ಹೀಗೆ ತೋರಿಸಿದರೆ ಶೇ 5ರ ಜಿಎಸ್‌ಟಿ ಉಳಿದ 360ಕ್ಕೆ ಮಾತ್ರ, ಅಂದರೆ 18 ರೂಪಾಯಿ. ನಿಮ್ಮ ಬೆಲೆಯಲ್ಲಿ ತೆರಿಗೆ ಸೇರಿಲ್ಲದಿದ್ದರೆ ಬೋರ್ಡಿನಲ್ಲೇ ‘ತೆರಿಗೆ ಬೇರೆ’ ಎಂದು ಬರೆಯಿರಿ.

ಶನಿವಾರವೇ ಬಿಲ್ ಮಾಡುವವರಿಗೂ ಸಪ್ಲೈ ಮಾಡುವವರಿಗೂ ಬೋರ್ಡ್ ತೋರಿಸಿ, ‘ಏಳು ಜನಕ್ಕೆ ಎಷ್ಟು?’ ಎಂದು ಬೇರೆ ಬೇರೆಯಾಗಿ ಕೇಳಿ. ಇಬ್ಬರೂ 720 ಎನ್ನದಿದ್ದರೆ ಬೋರ್ಡನ್ನು ತಿದ್ದಿ ಬರೆಯಿರಿ.