1/(n ln n) ಸಾಲನ್ನು ಎರಡರ ಘಾತಗಳಲ್ಲಿ ಕಟ್ಟಿದ್ದು: ನನ್ನ ಅನುಭವ

ರಾಯಚೂರಿನಲ್ಲಿ ಬಿ.ಎಸ್ಸಿ. ಬ್ಯಾಚ್‌ಗಳಿಗೆ ಸೀರೀಸ್ ಪಾಠ ಮಾಡುವವರಿಗೆಲ್ಲ ಈ ಜಾಗ ಗೊತ್ತು: 1/(n (ln n)^p). ರೇಷಿಯೋ ಹಾಕಿದರೂ 1, ರೂಟ್ ಹಾಕಿದರೂ 1, ಕನ್ವರ್ಜೋ ಡೈವರ್ಜೋ ತಿಳಿಯುವುದೇ ಇಲ್ಲ. ಇಂಟಿಗ್ರಲ್ ಟೆಸ್ಟ್ ಬಿಟ್ಟು, ಸಾಲನ್ನು ಎರಡರ ಘಾತಗಳಲ್ಲಿ ಕಟ್ಟುವ ಕೋಶಿಯ ಕಂಡೆನ್ಸೇಶನ್ ಮೊದಲು ಕಲಿಸುತ್ತೇನೆ ಅಂದಾಗ ಜೊತೆಯ ಮೇಷ್ಟ್ರುಗಳು ಹುಡುಗರಿಗೆ ಹತ್ತುವುದಿಲ್ಲ ಅಂದರು. ಹತ್ತಿತು. ಆರು ಪುಟದ ಝೆರಾಕ್ಸ್ ನೋಟ್ಸ್ ಒಂದು ಪುಟಕ್ಕೆ ಇಳಿದು, ಬ್ಯಾಚ್‌ಗೆ ಸುಮಾರು 200 ರೂಪಾಯಿಯೂ ಉಳಿಯಿತು.

ಮೊದಲು ಸೋತದ್ದು ಕಂಪ್ಯೂಟರ್ ನಂಬಿ. p = 1 ಇಟ್ಟು n = 2ರಿಂದ ಹತ್ತು ಲಕ್ಷದವರೆಗೆ ಕೂಡಿದರೆ ಮೊತ್ತ 3.42ರ ಆಸುಪಾಸು. ನೂರು ಕೋಟಿವರೆಗೆ ಹೋದರೂ 3.83 ಅಷ್ಟೇ. ನೋಡಿದವರೆಲ್ಲ ಕನ್ವರ್ಜ್ ಅನ್ನುತ್ತಾರೆ. ನಿಜದಲ್ಲಿ ಅದು ಡೈವರ್ಜ್: Nವರೆಗಿನ ಮೊತ್ತ ಬೆಳೆಯುವುದು ln ln N ವೇಗದಲ್ಲಿ. ಅದು 10 ಮುಟ್ಟಬೇಕಾದರೆ N ನಾಲ್ಕು ಸಾವಿರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ ಆಗಬೇಕು. ಯಾವ ಲ್ಯಾಪ್‌ಟಾಪೂ ಅಲ್ಲಿಗೆ ಮುಟ್ಟುವುದಿಲ್ಲ.

ಎರಡರ ಒಂದು ಘಾತದಿಂದ ಮುಂದಿನ ಘಾತದ ಹಿಂದಿನವರೆಗಿನ ಟರ್ಮ್‌ಗಳು ಒಂದು ಕಟ್ಟು; ಬೋರ್ಡಿನ ಮೇಲೆ ಅಂಥ ಒಂದೇ ಕಟ್ಟು ಬಿಚ್ಚಿ ತೋರಿಸಿದರೆ ಸಾಕು. n = 4ರಿಂದ 7ರವರೆಗೆ ನಾಲ್ಕು ಟರ್ಮ್: 0.180, 0.124, 0.093, 0.073. ಒಟ್ಟು 0.47. ಸಾಲು ಇಳಿಯುತ್ತಾ ಹೋಗುವುದರಿಂದ ನಾಲ್ಕಕ್ಕೂ ಮೊದಲನೆಯದನ್ನೇ ಹಾಕಿದರೆ 4a₄ = 0.72 ಮೇಲಿನ ಮಿತಿ. ಮುಂದಿನ ಕಟ್ಟಿನ ತಲೆಯ a₈ ಹಾಕಿದರೆ 0.24 ಕೆಳಗಿನ ಮಿತಿ. ಪ್ರತಿ ಕಟ್ಟಿಗೂ ಇದೇ ಲೆಕ್ಕ, ಹಾಗಾಗಿ ಮೂಲ ಸಾಲಿನ ಗತಿ ಏನೋ 2ᵏ·a(2ᵏ) ಸಾಲಿನ ಗತಿಯೂ ಅದೇ.

n ಇದ್ದಲ್ಲೆಲ್ಲ 2ᵏ ಹಾಕಿ, ಮುಂದೆ 2ᵏ ಗುಣಿಸಿ. ಛೇದದ 2ᵏ ಹೊಡೆದುಹೋಗುತ್ತದೆ, ln 2ᵏ ಎಂಬುದು k ln 2 ಆಗುತ್ತದೆ. ಉಳಿಯುವುದು ಒಂದು ಸ್ಥಿರಾಂಕ ಮತ್ತು 1/kᵖ. p > 1 ಇದ್ದರೆ ಕನ್ವರ್ಜ್, ಇಲ್ಲದಿದ್ದರೆ ಡೈವರ್ಜ್. k ಅನ್ನು 1ರಿಂದ ಶುರು ಮಾಡಿ, n = 1ಕ್ಕೆ ln ಸೊನ್ನೆ.

ಹುಡುಗರು ತಪ್ಪುವುದು ಹೆಚ್ಚಾಗಿ ಮುಂದಿನ 2ᵏ ಮರೆತು. ಆಗ 1/n ಕೂಡ 1/2ᵏ ಆಗಿ ಕನ್ವರ್ಜ್ ಅಂತ ಬರುತ್ತದೆ. ಹಾಗೆ ಬಂದರೆ ಮರೆತಿದ್ದಾರೆ ಅಂತಲೇ ಅರ್ಥ. ಇನ್ನೊಂದು, ಸಾಲು ಇಳಿಯುತ್ತದೋ ಇಲ್ಲವೋ ನೋಡದಿರುವುದು. n ಎರಡರ ಘಾತವಾದಲ್ಲಿ 1/n, ಉಳಿದಲ್ಲಿ 1/n² ಇಡಿ: ಮೂಲ ಕನ್ವರ್ಜ್, ಕಟ್ಟಿದ್ದು 1 + 1 + 1 ಅಂತ ಡೈವರ್ಜ್. (ln n)/n ಮೂರರಿಂದಾಚೆಗೆ ಇಳಿಯುತ್ತದೆ, ಅಷ್ಟು ಸಾಕು. ಮೊತ್ತದ ಬೆಲೆಯನ್ನು ಮಾತ್ರ ಇದರಿಂದ ತೆಗೆಯಬೇಡಿ: 1/n² ಮೊತ್ತ 1.645, ಕಟ್ಟಿದ್ದು 2.

ಎರಡರ ಬದಲು ಮೂರರ ಘಾತಗಳಲ್ಲೂ ಕಟ್ಟಿ ನೋಡಿದೆ, ತೀರ್ಪು ಅದೇ. 1/3^√nಗೆ ವರ್ಗಸಂಖ್ಯೆಗಳಲ್ಲಿ ಕಟ್ಟುವುದೇ ಚೆಂದ: (2k+1)/3ᵏ ಬರುತ್ತದೆ, ಅಲ್ಲಿ ರೇಷಿಯೋ 1/3 ಅಂತ ಬಾಯಿ ಬಿಡುತ್ತದೆ. 1/(n ln n ln ln n)ಗೆ ಎರಡು ಸಲ ಕಟ್ಟಬೇಕು. ನಡುವೆ ಕಾಡುವ ln ln 2 ತೆಗೆಯುವ ಉಪಾಯವನ್ನು ನನ್ನ ಬ್ಯಾಚಿಗೇ ಇಟ್ಟುಕೊಂಡಿದ್ದೇನೆ.